ಎರಡು ಕೋಷ್ಟಕ, ಮೂರು ಲೂಪ್: ಎಲ್ಲ ಊರುಗಳ ನಡುವಿನ ಹತ್ತಿರದ ದಾರಿ ಹುಡುಕುವುದು ಹೀಗೆ

ನಿಮ್ಮ ಹತ್ತಿರ ಊರುಗಳ ಪಟ್ಟಿ ಇದೆ. ಯಾವ ಊರಿಂದ ಯಾವ ಊರಿಗೆ ನೇರ ರಸ್ತೆ ಇದೆ, ಅದು ಎಷ್ಟು ಕಿಲೋಮೀಟರ್ ಎನ್ನುವುದೂ ಗೊತ್ತು. ಈಗ ಪ್ರತಿ ಊರಿಂದ ಪ್ರತಿ ಊರಿಗೂ ಅತಿ ಕಡಿಮೆ ದೂರ ಬೇಕು. ಇದಕ್ಕೆ ಫ್ಲಾಯ್ಡ್-ವಾರ್ಷಲ್ ವಿಧಾನ ಎಂದು ಹೆಸರು. ಮೂರು ಲೂಪಿನ ಪುಟ್ಟ ಕೋಡ್. ಎಲ್ಲಿ ಹುಡುಕಿದರೂ ಸಿಗುತ್ತದೆ.

ಆದರೂ ಓದುಗರಿಂದ ಎರಡು ಪ್ರಶ್ನೆ ಬರುತ್ತಲೇ ಇರುತ್ತವೆ. ಒಂದು, "ದೂರ ಸರಿಯಾಗಿ ಬಂತು, ಆದರೆ ಯಾವ ಊರಿನ ಮೇಲೆ ಹೋಗಬೇಕು ಅಂತ ತಿಳಿಯೋದು ಹೇಗೆ?" ಇನ್ನೊಂದು, "ಮೂರು ಲೂಪಲ್ಲಿ ಯಾವುದು ಹೊರಗಿದ್ದರೂ ನಡೆಯುತ್ತೆ ಅಲ್ವಾ?" ಎರಡನೆಯದಕ್ಕೆ ಉತ್ತರ: ನಡೆಯುವುದಿಲ್ಲ. ಕೆಲವು ಸಲ ನಡೆದಂತೆ ಕಾಣುತ್ತದೆ, ಅದೇ ತೊಂದರೆ. ಮೊದಲನೆಯದಕ್ಕೆ ಉತ್ತರ ಕೊಡಲು ಒಂದು ಉದಾಹರಣೆಯನ್ನು ಕೊನೆಯವರೆಗೂ ಕೈಯಲ್ಲೇ ಮಾಡೋಣ.

ಹೆಸರಿನ ಬಗ್ಗೆ ಒಂದು ಮಾತು. ರಾಬರ್ಟ್ ಫ್ಲಾಯ್ಡ್ ಮತ್ತು ಸ್ಟೀಫನ್ ವಾರ್ಷಲ್ ಇಬ್ಬರೂ ಇದನ್ನು ಪ್ರಕಟಿಸಿದ್ದು 1962ರಲ್ಲಿ, ಬೇರೆ ಬೇರೆಯಾಗಿ. ವಾರ್ಷಲ್ ಕೇಳಿದ್ದು ದೂರವನ್ನಲ್ಲ, "ಇಲ್ಲಿಂದ ಅಲ್ಲಿಗೆ ದಾರಿ ಇದೆಯೋ ಇಲ್ಲವೋ" ಎಂಬುದನ್ನು ಮಾತ್ರ. ಫ್ರಾನ್ಸಿನ ಬರ್ನಾರ್ಡ್ ರಾಯ್ 1959ರಲ್ಲೇ ಇದನ್ನು ಬರೆದಿದ್ದರು. ಹಾಗಾಗಿ ಕೆಲವು ಕಡೆ ಅವರ ಹೆಸರೂ ಸೇರಿರುತ್ತದೆ.

ಏನೇನು ಬೇಕು

ಕೈಯಲ್ಲಿ ಮಾಡುವುದಾದರೆ ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್. ಪೆನ್ ಬೇಡ, ಅಂಕಿಗಳನ್ನು ಅಳಿಸಿ ಬರೆಯುವುದೇ ಈ ವಿಧಾನದ ಕೆಲಸ. ಕಂಪ್ಯೂಟರಿನಲ್ಲಾದರೆ ಪೈಥಾನ್ ಸಾಕು.

ಒಂದೆರಡು ಪದ ಮೊದಲೇ ಹೇಳಿಬಿಡುತ್ತೇನೆ. ಮ್ಯಾಟ್ರಿಕ್ಸ್ ಎಂದರೆ ಸಾಲು ಮತ್ತು ಕಂಬಸಾಲುಗಳ ಕೋಷ್ಟಕ. ಅದರ ಒಂದೊಂದು ಚೌಕವನ್ನು ಚೌಕಾಬಾರದಲ್ಲಿ ಕರೆಯುವ ಹಾಗೆ "ಮನೆ" ಎನ್ನೋಣ. ಸಾಲು ಎಂದರೆ ಹೊರಡುವ ಊರು, ಕಂಬಸಾಲು ಎಂದರೆ ಸೇರುವ ಊರು. ನೇರ ರಸ್ತೆ ಇಲ್ಲದ ಮನೆಗೆ "ಅನಂತ" ಎಂದು ಬರೆಯಬೇಕು. ಅಂದರೆ ಸದ್ಯಕ್ಕೆ ದಾರಿ ಗೊತ್ತಿಲ್ಲ ಎಂದು. ಕೆಳಗೆ ಇದನ್ನು ∞ ಎಂದು ಬರೆದಿದ್ದೇನೆ.

1. ದೂರದ ಕೋಷ್ಟಕ ಬರೆಯಿರಿ

ಐದು ಊರು ತೆಗೆದುಕೊಳ್ಳೋಣ: ಕೋಲಾರ, ಬೆಂಗಳೂರು, ಮೈಸೂರು, ಹಾಸನ, ಮಂಗಳೂರು. ಅವುಗಳಿಗೆ 0ರಿಂದ 4ರವರೆಗೆ ಇದೇ ಕ್ರಮದಲ್ಲಿ ನಂಬರ್. ದೂರಗಳು ಅಂದಾಜಿನವು, ಲೆಕ್ಕ ಸುಲಭವಾಗಲಿ ಎಂದು ರೌಂಡ್ ಮಾಡಿದ್ದೇನೆ. ಹಾಸನದಿಂದ ಮಂಗಳೂರಿಗೆ ಸಕಲೇಶಪುರ, ಶಿರಾಡಿ ಘಾಟಿ ಮೇಲೆ. ಮೈಸೂರಿಂದ ಮಂಗಳೂರಿಗೆ ಮಡಿಕೇರಿ, ಸಂಪಾಜೆ ಮೇಲೆ. ನಮ್ಮ ನಕ್ಷೆಯಲ್ಲಿ ಇರುವುದು ಈ ಆರೇ ರಸ್ತೆ, ಚಾರ್ಮಾಡಿಯನ್ನೆಲ್ಲ ಬಿಟ್ಟಿದ್ದೇನೆ.

| | ಕೋಲಾರ | ಬೆಂಗಳೂರು | ಮೈಸೂರು | ಹಾಸನ | ಮಂಗಳೂರು |
|---|---|---|---|---|---|
| ಕೋಲಾರ | 0 | 70 | ∞ | ∞ | ∞ |
| ಬೆಂಗಳೂರು | 70 | 0 | 145 | 185 | ∞ |
| ಮೈಸೂರು | ∞ | 145 | 0 | 120 | 255 |
| ಹಾಸನ | ∞ | 185 | 120 | 0 | 170 |
| ಮಂಗಳೂರು | ∞ | ∞ | 255 | 170 | 0 |

ಮೂಲೆಯಿಂದ ಮೂಲೆಗೆ ಹೋಗುವ ಕರ್ಣದಲ್ಲಿ 0 ಇರಲೇಬೇಕು. ಊರಿಂದ ಅದೇ ಊರಿಗೆ ದೂರ ಸೊನ್ನೆ ತಾನೇ. ಅದನ್ನು ಮರೆತು ∞ ಬಿಟ್ಟರೆ ಕೋಲಾರದಿಂದ ಕೋಲಾರಕ್ಕೆ 140 ಎಂದು ಬರುತ್ತದೆ, ಬೆಂಗಳೂರಿಗೆ ಹೋಗಿ ವಾಪಸ್ ಬಂದ ಲೆಕ್ಕ. ಎರಡು ಊರಿನ ನಡುವೆ ಎರಡು ನೇರ ರಸ್ತೆ ಇದ್ದರೆ ಚಿಕ್ಕದನ್ನು ಮಾತ್ರ ಬರೆಯಿರಿ. ಒನ್‌ವೇ ಇದ್ದರೆ ಒಂದು ಮನೆಯಲ್ಲಿ ಮಾತ್ರ ದೂರ ಬರೆದು, ಎದುರಿನ ಮನೆಯಲ್ಲಿ ∞ ಬಿಡಿ.

ಈ ಮೊದಲ ಕೋಷ್ಟಕದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದೆ ಎರಡು ಸಲ ಬೇಕಾಗುತ್ತದೆ.

2. ಪಕ್ಕದಲ್ಲೇ "ಮುಂದಿನ ಊರು" ಕೋಷ್ಟಕ ಬರೆಯಿರಿ

ದಾರಿ ಸಿಗುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಈ ಹಂತವನ್ನೇ ಬಿಟ್ಟಿರುತ್ತಾರೆ. ದೂರ ಕಂಡುಹಿಡಿದು ಮುಗಿದ ಮೇಲೆ ದಾರಿ ಹುಡುಕಲು ಹೊರಟರೆ ಕೆಲಸ ಜಾಸ್ತಿ. ಲೆಕ್ಕ ನಡೆಯುವಾಗಲೇ ಗುರುತು ಹಾಕುತ್ತ ಹೋದರೆ ಸುಲಭ.

ಎರಡನೇ ಕೋಷ್ಟಕವೂ ಅದೇ ಅಳತೆಯದು. ಅದರ ಪ್ರತಿ ಮನೆಯಲ್ಲಿ ಇರುವುದು ಒಂದೇ ಮಾಹಿತಿ: ಈ ಊರಿಂದ ಆ ಊರಿಗೆ ಹೊರಟರೆ ಮೊದಲು ಸಿಗುವ ಊರು ಯಾವುದು? ಪೂರ್ತಿ ದಾರಿ ಬರೆಯುವುದು ಬೇಡ. ಮುಂದಿನ ಒಂದು ಊರು ಗೊತ್ತಿದ್ದರೆ ಸಾಕು, ಅಲ್ಲಿಗೆ ಹೋಗಿ ಮತ್ತೆ ಅದೇ ಕೋಷ್ಟಕವನ್ನು ಕೇಳಬಹುದು. ಪರಊರಿನಲ್ಲಿ ದಾರಿ ವಿಚಾರಿಸುತ್ತ ಹೋಗುವ ಹಾಗೆ.

ಶುರುವಿನಲ್ಲಿ ನೇರ ರಸ್ತೆ ಇರುವ ಮನೆಗಳಲ್ಲಿ ಸೇರುವ ಊರಿನ ಹೆಸರನ್ನೇ ಬರೆಯಿರಿ. ಬೆಂಗಳೂರು ಸಾಲು, ಹಾಸನ ಕಂಬಸಾಲು ಎಂದರೆ "ಹಾಸನ". ರಸ್ತೆ ಇಲ್ಲದ ಮನೆ ಖಾಲಿ.

ಕೋಡಿನಲ್ಲಿ ಇಷ್ಟು:

```python
INF = float('inf')
n = 5
d = [[INF]*n for _ in range(n)]
nxt = [[None]*n for _ in range(n)]
for i in range(n):
    d[i][i] = 0

roads = [(0,1,70), (1,2,145), (1,3,185),
         (2,3,120), (2,4,255), (3,4,170)]
for a, b, km in roads:
    if km < d[a][b]:
        d[a][b] = d[b][a] = km
        nxt[a][b] = b
        nxt[b][a] = a
```

ಇಲ್ಲಿ `d` ದೂರದ ಕೋಷ್ಟಕ, `nxt` ಮುಂದಿನ ಊರಿನದು. ಮೂರನೇ ಸಾಲನ್ನು `[[INF]*n]*n` ಎಂದು ಚಿಕ್ಕದು ಮಾಡಲು ಹೋಗಬೇಡಿ. ಆಗ ಐದೂ ಸಾಲು ಒಂದೇ ಸಾಲಿನ ಐದು ಹೆಸರುಗಳಾಗಿಬಿಡುತ್ತವೆ. ಒಂದು ಮನೆ ಬದಲಿಸಿದರೆ ಇಡೀ ಕಂಬಸಾಲು ಬದಲಾಗುತ್ತದೆ.

3. ನಡುವಿನ ಊರುಗಳನ್ನು ಒಂದೊಂದಾಗಿ ಒಳಗೆ ಬಿಡಿ

ಇದು ವಿಧಾನದ ಹೃದಯ. ನಿಧಾನವಾಗಿ ನೋಡೋಣ.

ಈಗ ಕೋಷ್ಟಕದಲ್ಲಿರುವುದು ನಡುವೆ ಎಲ್ಲೂ ನಿಲ್ಲದ ದಾರಿಗಳು. ಮೊದಲು "ಕೋಲಾರದ ಮೇಲೆ ಹಾದುಹೋಗಬಹುದು" ಎಂದು ಅನುಮತಿ ಕೊಡುತ್ತೇವೆ. ಅದರಿಂದ ಯಾವ ದೂರ ಕಡಿಮೆಯಾಗುತ್ತದೋ ಅದನ್ನೆಲ್ಲ ತಿದ್ದುತ್ತೇವೆ. ಆಮೇಲೆ "ಬೆಂಗಳೂರಿನ ಮೇಲೂ ಹೋಗಬಹುದು" ಎನ್ನುತ್ತೇವೆ. ಮತ್ತೆ ಇಡೀ ಕೋಷ್ಟಕ ತಿದ್ದು. ಹೀಗೆ ಐದು ಸುತ್ತು.

ಪ್ರತಿ ಸುತ್ತಿನಲ್ಲೂ ಕೇಳುವ ಪ್ರಶ್ನೆ ಒಂದೇ. i ಊರಿಂದ j ಊರಿಗೆ ಈಗ ಗೊತ್ತಿರುವ ದೂರ ಚಿಕ್ಕದೋ, ಇಲ್ಲ k ಊರಿನ ಮೇಲೆ ಹೋದರೆ ಆಗುವ `d[i][k] + d[k][j]` ಚಿಕ್ಕದೋ? ಹಿಂದಿನ ಸುತ್ತುಗಳಲ್ಲಿ ಒಳಗೆ ಬಿಟ್ಟ ಊರುಗಳ ಲಾಭ ಈ ಎರಡು ತುಂಡುಗಳಲ್ಲಿ ಆಗಲೇ ಸೇರಿಹೋಗಿದೆ. ಅದಕ್ಕೇ ಒಂದು ಕೂಡುವ ಲೆಕ್ಕ ಸಾಕು, ನಡುವೆ ಎಷ್ಟೇ ಊರು ಬಂದರೂ.

ಕೈಯಲ್ಲಿ ಮಾಡುವಾಗ k ಊರಿನ ಸಾಲು ಮತ್ತು ಕಂಬಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಉಳಿದ ಪ್ರತಿ ಮನೆಯನ್ನು ನೋಡಿ. ಅದರ ಸಾಲು k ಕಂಬಸಾಲನ್ನು ಎಲ್ಲಿ ಮುಟ್ಟುತ್ತದೋ ಆ ಅಂಕಿ, ಅದರ ಕಂಬಸಾಲು k ಸಾಲನ್ನು ಎಲ್ಲಿ ಮುಟ್ಟುತ್ತದೋ ಆ ಅಂಕಿ, ಎರಡನ್ನೂ ಕೂಡಿ. ಮೊತ್ತ ಚಿಕ್ಕದಾದರೆ ಹಳೆಯದನ್ನು ಅಳಿಸಿ. ಗೆರೆ ಎಳೆದ ಸಾಲು, ಕಂಬಸಾಲು ಆ ಸುತ್ತಿನಲ್ಲಿ ಬದಲಾಗುವುದಿಲ್ಲ, ಏಕೆಂದರೆ k ಇಂದ kಗೆ ದೂರ 0. ಹಾಗಾಗಿ ಸುತ್ತಿಗೊಂದು ಹೊಸ ಕೋಷ್ಟಕ ಬೇಡ, ಇದ್ದದ್ದರಲ್ಲೇ ತಿದ್ದಬಹುದು.

ನಮ್ಮ ಊರುಗಳಲ್ಲಿ ಏನಾಗುತ್ತದೆ ನೋಡಿ. ರಸ್ತೆಗಳೆಲ್ಲ ಎರಡೂ ಕಡೆಯವು, ಹಾಗಾಗಿ ಒಂದು ದಿಕ್ಕನ್ನಷ್ಟೇ ಹೇಳುತ್ತೇನೆ.

ಕೋಲಾರದ ಸುತ್ತು: ಏನೂ ಬದಲಾಗುವುದಿಲ್ಲ. ನಮ್ಮ ನಕ್ಷೆಯಲ್ಲಿ ಕೋಲಾರಕ್ಕೆ ಇರುವುದು ಒಂದೇ ರಸ್ತೆ. ಅದರ ಮೇಲೆ ಹಾದು ಎಲ್ಲಿಗೆ ಹೋಗುತ್ತೀರಿ?

ಬೆಂಗಳೂರಿನ ಸುತ್ತು: ಕೋಲಾರ–ಮೈಸೂರು 70 + 145 = 215 ಆಯಿತು. ಕೋಲಾರ–ಹಾಸನ 70 + 185 = 255. ಮೈಸೂರು–ಹಾಸನಕ್ಕೆ ಬೆಂಗಳೂರಿನ ಮೇಲೆ 330, ಇರುವ 120ನ್ನೇ ಬಿಡಿ. ಮಂಗಳೂರಿನ ಮನೆಗಳಿಗೆ ಈ ಸುತ್ತಿನಲ್ಲಿ ಲಾಭವಿಲ್ಲ.

ಮೈಸೂರಿನ ಸುತ್ತು: ಬೆಂಗಳೂರು–ಮಂಗಳೂರು 145 + 255 = 400. ಕೋಲಾರ–ಮಂಗಳೂರು 215 + 255 = 470. ಈ 215 ಹಿಂದಿನ ಸುತ್ತಿನ ಗಳಿಕೆ ಎಂಬುದನ್ನು ಗಮನಿಸಿ.

ಹಾಸನದ ಸುತ್ತು: ಬೆಂಗಳೂರು–ಮಂಗಳೂರು 185 + 170 = 355. ಇದು 400ಕ್ಕಿಂತ ಚಿಕ್ಕದು, ಅಳಿಸಿ ಬರೆಯಿರಿ. ಕೋಲಾರ–ಮಂಗಳೂರು 255 + 170 = 425, 470 ಹೋಯಿತು. ಮೈಸೂರು–ಮಂಗಳೂರಿಗೆ ಹಾಸನದ ಮೇಲೆ 290, ಮಡಿಕೇರಿ ರಸ್ತೆಯ 255ನ್ನು ಅದು ಸೋಲಿಸುವುದಿಲ್ಲ.

ಮಂಗಳೂರಿನ ಸುತ್ತು: ಬದಲಾವಣೆ ಇಲ್ಲ. ಆದರೂ ಈ ಸುತ್ತನ್ನು ಕೋಡಿನಲ್ಲಿ ಬಿಡಬೇಡಿ. ಬೇರೆ ನಕ್ಷೆಯಲ್ಲಿ ಕೊನೆಯ ಊರೇ ಎಲ್ಲರಿಗೂ ಜಂಕ್ಷನ್ ಆಗಿರಬಹುದು.

| | ಕೋಲಾರ | ಬೆಂಗಳೂರು | ಮೈಸೂರು | ಹಾಸನ | ಮಂಗಳೂರು |
|---|---|---|---|---|---|
| ಕೋಲಾರ | 0 | 70 | 215 | 255 | 425 |
| ಬೆಂಗಳೂರು | 70 | 0 | 145 | 185 | 355 |
| ಮೈಸೂರು | 215 | 145 | 0 | 120 | 255 |
| ಹಾಸನ | 255 | 185 | 120 | 0 | 170 |
| ಮಂಗಳೂರು | 425 | 355 | 255 | 170 | 0 |

4. ದೂರ ತಿದ್ದಿದಾಗಲೆಲ್ಲ ಮುಂದಿನ ಊರನ್ನೂ ತಿದ್ದಿ

```python
for k in range(n):
    for i in range(n):
        for j in range(n):
            if d[i][k] + d[k][j] < d[i][j]:
                d[i][j] = d[i][k] + d[k][j]
                nxt[i][j] = nxt[i][k]
```

ಕೊನೆಯ ಸಾಲನ್ನು ನೋಡಿ. i ಇಂದ jಗೆ k ಮೇಲೆ ಹೋಗುವುದಾದರೆ, ಹೊರಡುವ ದಿಕ್ಕು k ಕಡೆಗೆ. ಹಾಗಾದರೆ ಮೊದಲು ಸಿಗುವ ಊರು, kಗೆ ಹೋಗುವಾಗ ಮೊದಲು ಸಿಗುವ ಊರೇ. ಅದಕ್ಕೇ `nxt[i][k]`.

ಇಲ್ಲಿ ತುಂಬಾ ಜನ `nxt[i][j] = k` ಎಂದು ಬರೆಯುತ್ತಾರೆ. ತಪ್ಪು ಕೂಡಲೇ ಕಾಣುವುದಿಲ್ಲ, ದೂರಗಳೆಲ್ಲ ಸರಿಯಾಗೇ ಬರುತ್ತವೆ. ಕೋಲಾರ–ಮಂಗಳೂರು ಮನೆಯನ್ನು ಕೊನೆಯಲ್ಲಿ ತಿದ್ದಿದ್ದು ಹಾಸನದ ಸುತ್ತಿನಲ್ಲಿ. ಹಾಗಾಗಿ ಅಲ್ಲಿ "ಹಾಸನ" ಕೂರುತ್ತದೆ, ದಾರಿ "ಕೋಲಾರ, ಹಾಸನ, ಮಂಗಳೂರು" ಎಂದು ಬರುತ್ತದೆ. ನಡುವಿನ ಬೆಂಗಳೂರು ಮಾಯ. ಕೋಲಾರದಿಂದ ಹಾಸನಕ್ಕೆ ನಮ್ಮ ನಕ್ಷೆಯಲ್ಲಿ ನೇರ ರಸ್ತೆಯೇ ಇಲ್ಲ. ನಡುವಿನ ಊರನ್ನೇ ನೆನಪಿಡುವ ಇನ್ನೊಂದು ಪದ್ಧತಿಯೂ ಇದೆ, ಅದು ತಪ್ಪಲ್ಲ. ಆದರೆ ಅದರಲ್ಲಿ ದಾರಿಯನ್ನು ಎರಡು ತುಂಡು ಮಾಡಿ, ಪ್ರತಿ ತುಂಡನ್ನು ಮತ್ತೆ ಬಿಡಿಸಬೇಕು. ಎರಡನ್ನೂ ಬೆರೆಸಿದರೆ ಕೆಡುತ್ತದೆ.

ಸರಿಯಾಗಿ ಮಾಡಿದಾಗ ಬೆಂಗಳೂರು–ಮಂಗಳೂರು ಮನೆ ಮೈಸೂರಿನ ಸುತ್ತಿನಲ್ಲಿ "ಮೈಸೂರು" ಆಗಿ, ಹಾಸನದ ಸುತ್ತಿನಲ್ಲಿ "ಹಾಸನ" ಆಗುತ್ತದೆ. ಕೋಲಾರ–ಮಂಗಳೂರು ಮನೆಯಲ್ಲಿ ಎರಡೂ ಸಲ "ಬೆಂಗಳೂರು" ಎಂದೇ ಇರುತ್ತದೆ. ದೂರ 470ರಿಂದ 425ಕ್ಕೆ ಇಳಿದರೂ ಕೋಲಾರದವರು ಹೊರಡುವ ದಿಕ್ಕು ಬದಲಾಗಲಿಲ್ಲ ನೋಡಿ.

ಹೋಲಿಕೆಗೆ `<` ಹಾಕಿ, `<=` ಬೇಡ. ಸಮ ಬಂದಾಗ ತಿದ್ದಿದರೆ ಏನು ನಷ್ಟ ಅನಿಸಬಹುದು. k ಕೋಲಾರ, i ಕೂಡ ಕೋಲಾರ, j ಬೆಂಗಳೂರು ಇರಲಿ. 0 + 70 ಎಂದರೆ 70, ಇರುವ 70ಕ್ಕೆ ಸಮ. `<=` ಇದ್ದರೆ ಕೋಡ್ ಒಳಗೆ ಹೋಗಿ `nxt[0][1]`ಗೆ `nxt[0][0]` ತುಂಬುತ್ತದೆ. ಅದು `None`. ಚೆನ್ನಾಗಿದ್ದ ಗುರುತು ಅಳಿಸಿಹೋಯಿತು. ಕರ್ಣದಲ್ಲಿ `None` ಬದಲು ಅದೇ ಊರನ್ನು ಬರೆದಿದ್ದರೆ ಇನ್ನೂ ಫಜೀತಿ: ಕೋಲಾರದಿಂದ ಮುಂದಿನ ಊರು ಕೋಲಾರ, ಅಲ್ಲಿಂದ ಮುಂದಿನದೂ ಕೋಲಾರ. ಪ್ರೋಗ್ರಾಂ ನಿಲ್ಲುವುದೇ ಇಲ್ಲ.

5. ದಾರಿ ಓದಿ

```python
def route(a, b):
    if d[a][b] == INF:
        return []
    path = [a]
    while a != b:
        a = nxt[a][b]
        path.append(a)
    return path
```

ಕೋಲಾರದಿಂದ ಮಂಗಳೂರಿಗೆ, ಅಂದರೆ `route(0, 4)`. ಕೋಲಾರ ಸಾಲು, ಮಂಗಳೂರು ಕಂಬಸಾಲು: "ಬೆಂಗಳೂರು". ಬೆಂಗಳೂರು ಸಾಲಿಗೆ ಹೋಗಿ, ಕಂಬಸಾಲು ಅದೇ: "ಹಾಸನ". ಹಾಸನ ಸಾಲು: "ಮಂಗಳೂರು". ಬಂದೆವು. ಉತ್ತರ `[0, 1, 3, 4]`. ಕಂಬಸಾಲು ಕೊನೆಯವರೆಗೂ ಬದಲಾಗುವುದಿಲ್ಲ, ಸಾಲು ಮಾತ್ರ ಬದಲಾಗುತ್ತದೆ. ಕೈಯಲ್ಲಿ ಓದುವಾಗ ಕೈತಪ್ಪುವುದು ಇಲ್ಲೇ.

ಈಗ ತೆಗೆದಿಟ್ಟ ಮೊದಲ ಕೋಷ್ಟಕ ಹೊರತೆಗೆಯಿರಿ. ದಾರಿಯ ಪ್ರತಿ ತುಂಡನ್ನು ಅದರಿಂದ ಕೂಡಿ: 70 + 185 + 170 = 425. ಕೊನೆಯ ಕೋಷ್ಟಕದಲ್ಲೂ 425. ಹೊಂದಿತು. ಕೂಡುವಾಗ ಎಲ್ಲಾದರೂ ∞ ಬಂದರೆ ದಾರಿಯಲ್ಲಿ ಒಂದು ಊರು ಹಾರಿಹೋಗಿದೆ ಎಂದು ಅರ್ಥ, ನಾಲ್ಕನೇ ಹಂತದ ತಪ್ಪು. ಈ ಪರೀಕ್ಷೆಯನ್ನು ತಿದ್ದಿದ ಕೋಷ್ಟಕದಿಂದ ಮಾಡಿದರೆ ಪ್ರಯೋಜನವಿಲ್ಲ. ಅಲ್ಲಿ ಕೋಲಾರ–ಹಾಸನ 255 ಎಂದಿರುತ್ತದೆ, ತಪ್ಪು ದಾರಿಯೂ 425ಕ್ಕೆ ಹೊಂದಿಬಿಡುತ್ತದೆ.

6. k ಲೂಪ್ ಹೊರಗೇ ಇರಲಿ

ಈಗ ಎರಡನೇ ಪ್ರಶ್ನೆಗೆ ಬರೋಣ. ಲೂಪುಗಳನ್ನು i, j, k ಕ್ರಮದಲ್ಲಿ, ಅಂದರೆ k ಅನ್ನು ಒಳಗೆ ಇಟ್ಟು, ಇದೇ ಐದು ಊರುಗಳಿಗೆ ಓಡಿಸಿ ನೋಡಿ. 25 ಮನೆಯ ದೂರವೂ ಸರಿಯಾಗಿ ಬರುತ್ತದೆ! ಅದಕ್ಕೇ ಜನ ಮೋಸ ಹೋಗುವುದು.

ಈಗ ಊರುಗಳ ಕ್ರಮ ಮಾತ್ರ ಬದಲಿಸಿ: ಮಂಗಳೂರು, ಕೋಲಾರ, ಹಾಸನ, ಮೈಸೂರು, ಬೆಂಗಳೂರು. ರಸ್ತೆ ಅವೇ, ದೂರ ಅವೇ. ತಪ್ಪು ಕ್ರಮದ ಕೋಡ್ ಈಗ ಮಂಗಳೂರು–ಕೋಲಾರ ∞ ಎನ್ನುತ್ತದೆ. ದಾರಿಯೇ ಇಲ್ಲವಂತೆ.

ಆಗಿದ್ದು ಇಷ್ಟು. ಈ ಕೋಡ್ ಒಂದು ಮನೆಯನ್ನು ಹಿಡಿದು ನಡುವಿನ ಊರುಗಳನ್ನೆಲ್ಲ ಒಟ್ಟಿಗೆ ಪರೀಕ್ಷಿಸಿ, ಆ ಮನೆಯನ್ನು ಮುಗಿಸಿಬಿಡುತ್ತದೆ. ಮಂಗಳೂರು–ಕೋಲಾರ ಮನೆಯ ಸರದಿ ಬಂದಾಗ ಮಂಗಳೂರು–ಬೆಂಗಳೂರು ದೂರ ಇನ್ನೂ ∞, ಹಾಸನ–ಕೋಲಾರವೂ ∞. ಕೂಡಿದರೆ ಅನಂತವೇ. ಆಮೇಲೆ ಆ ದೂರಗಳು ಗೊತ್ತಾದರೂ ಈ ಮನೆಗೆ ವಾಪಸ್ ಬರುವುದಿಲ್ಲ. k ಹೊರಗಿದ್ದರೆ ಪ್ರತಿ ಸುತ್ತಿನಲ್ಲೂ ಪ್ರತಿ ಮನೆಗೂ ಮತ್ತೆ ಅವಕಾಶ ಸಿಗುತ್ತದೆ. i ಮತ್ತು j ತಮ್ಮಲ್ಲಿ ಜಾಗ ಬದಲಿಸಿಕೊಂಡರೆ ಪರವಾಗಿಲ್ಲ.

ತಮಾಷೆಯೆಂದರೆ, ತಪ್ಪು ಕ್ರಮದ ಕೋಡನ್ನು ಮೂರು ಸಲ ಓಡಿಸಿದರೆ ಸರಿ ಉತ್ತರ ಬಂದೇ ಬರುತ್ತದೆ ಎಂದು 2019ರ ಒಂದು ಸಂಶೋಧನಾ ಪ್ರಬಂಧ ಸಾಧಿಸಿ ತೋರಿಸಿದೆ. ಆದರೂ ಸುಮ್ನೆ k ಅನ್ನು ಹೊರಗೆ ಬರೆಯುವುದೇ ವಾಸಿ.

7. ಅನಂತ ಮತ್ತು ಋಣ ಅಂಕಿ

ಪೈಥಾನಿನ `float('inf')`ಗೆ ಏನು ಕೂಡಿದರೂ ಅನಂತವಾಗೇ ಉಳಿಯುತ್ತದೆ. ಸಿ, ಜಾವಾ ಬಳಸುವವರಿಗೆ ಆ ಸುಖವಿಲ್ಲ. ಜಾವಾದಲ್ಲಿ ಅನಂತಕ್ಕೆ `int`ನ ಅತಿ ದೊಡ್ಡ ಬೆಲೆ 2147483647 ಇಟ್ಟರೆ, ಅದಕ್ಕೆ 70 ಕೂಡಿದಾಗ ಬರುವುದು -2147483579. ಕೋಡ್ ಅದನ್ನೇ ಭಾರಿ ಹತ್ತಿರದ ದಾರಿ ಎಂದುಕೊಂಡು ಬರೆದುಬಿಡುತ್ತದೆ. ಅನಂತಕ್ಕೆ 1000000000 ಇಡಿ. ಎರಡು ಅಂಥವನ್ನು ಕೂಡಿದರೂ ಮಿತಿ ದಾಟುವುದಿಲ್ಲ. ಕೋಷ್ಟಕದಲ್ಲಿ ದೊಡ್ಡ ಋಣ ದೂರ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಕಿಲೋಮೀಟರ್ ಋಣವಾಗುವುದಿಲ್ಲ. ಆದರೆ ದೂರದ ಬದಲು ಲಾಭ-ನಷ್ಟದ ಲೆಕ್ಕ ಇಟ್ಟರೆ ಋಣ ಅಂಕಿ ಬರಬಹುದು. ವಿಧಾನ ಅದನ್ನೂ ತಾಳಿಕೊಳ್ಳುತ್ತದೆ. ಸುತ್ತಿ ಬಂದರೆ ಒಟ್ಟು ಮೊತ್ತವೇ ಋಣವಾಗುವ ವರ್ತುಲ ಇದ್ದರೆ ಮಾತ್ರ ಆಗದು. ಸುತ್ತಿದಷ್ಟೂ ಕಡಿಮೆ ಎಂದಾದರೆ "ಅತಿ ಕಡಿಮೆ" ಎಂಬುದೇ ಇರುವುದಿಲ್ಲ. ಕೊನೆಯಲ್ಲಿ ಕರ್ಣ ನೋಡಿ. ಎಲ್ಲಾದರೂ 0ಗಿಂತ ಕಡಿಮೆ ಇದ್ದರೆ ಅಂಥ ವರ್ತುಲ ಇದೆ.

8. ಊರುಗಳು ಎಷ್ಟಿರಬಹುದು

ಊರಿನ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿದಷ್ಟು ಹೋಲಿಕೆ. ಕರ್ನಾಟಕದ 31 ಜಿಲ್ಲಾ ಕೇಂದ್ರಗಳಿಗೆ 29,791, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 1,000 ಊರಾದರೆ 100 ಕೋಟಿ, ಬರೀ ಪೈಥಾನಿನಲ್ಲಿ ನಿಮಿಷಗಟ್ಟಲೆ ಕಾಯಬೇಕು. ಒಂದೇ ಊರಿಂದ ಉಳಿದವಕ್ಕೆ ದೂರ ಬೇಕಿದ್ದರೆ ಈ ವಿಧಾನ ಬೇಡ, ಡೈಕ್‌ಸ್ಟ್ರಾ ವಿಧಾನ ಸಾಕು.

9. ರಸ್ತೆ ಬದಲಾದರೆ

ಹೊಸ ರಸ್ತೆ ಬಂತು ಅಥವಾ ಇದ್ದದ್ದು ಚಿಕ್ಕದಾಯಿತು ಎಂದರೆ ಪೂರ್ತಿ ಲೆಕ್ಕ ಮತ್ತೆ ಮಾಡಬೇಕಿಲ್ಲ. ಪ್ರತಿ ಜೋಡಿಗೂ "ಈ ಹೊಸ ರಸ್ತೆಯ ಮೇಲೆ ಹೋದರೆ ಎಷ್ಟು?" ಎಂದು ಎರಡೂ ದಿಕ್ಕಿನಿಂದ ಒಂದೊಂದು ಸಲ ಕೇಳಿದರೆ ಸಾಕು. ಹೊರಡುವ ಊರಿಂದ ರಸ್ತೆಯ ಒಂದು ತುದಿ, ರಸ್ತೆ, ಇನ್ನೊಂದು ತುದಿಯಿಂದ ಸೇರುವ ಊರು. ಮೂರನ್ನೂ ಕೂಡಿ ಹೋಲಿಸಿ.

ರಸ್ತೆ ಮುಚ್ಚಿದರೆ ಹಾಗಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಯಿತು ಎನ್ನಿ. ಕೊನೆಯ ಕೋಷ್ಟಕದಲ್ಲಿ ಹಾಸನ–ಮಂಗಳೂರು ಮನೆಯನ್ನು ∞ ಮಾಡಿದರೆ ಸಾಲದು. ಬೆಂಗಳೂರಿನ 355ರಲ್ಲಿ, ಕೋಲಾರದ 425ರಲ್ಲಿ ಆ 170 ಕರಗಿ ಕೂತಿದೆ. ತಿದ್ದುಪಡಿ ಕಡಿಮೆ ಮಾಡುವ ಕಡೆಗಷ್ಟೇ ನಡೆಯುವುದರಿಂದ ಅವು ತಾವಾಗಿ ಮೇಲೇರುವುದಿಲ್ಲ. ತೆಗೆದಿಟ್ಟ ಮೊದಲ ಕೋಷ್ಟಕಕ್ಕೇ ಹೋಗಿ, ಅಲ್ಲಿ ಹಾಸನ–ಮಂಗಳೂರಿನ ಎರಡೂ ಮನೆಯಲ್ಲಿ ∞ ಬರೆದು, ಎರಡನೇ ಕೋಷ್ಟಕವನ್ನೂ ಹೊಸದಾಗಿ ತುಂಬಿ ಮತ್ತೆ ಓಡಿಸಿ. ಬೆಂಗಳೂರು–ಮಂಗಳೂರು ಮೈಸೂರಿನ ಮೇಲೆ 400 ಎಂದು ಬರಬೇಕು, ಕೋಲಾರ–ಮಂಗಳೂರು 470. ಹಾಸನದವರಿಗೇ ಜಾಸ್ತಿ ಹೊಡೆತ: 170 ಇದ್ದದ್ದು ಮೈಸೂರು, ಮಡಿಕೇರಿ ಸುತ್ತಿಕೊಂಡು 375.